ಮದುವೆಯ ದಿನದ ಮತ

ಮಗ ಆಕೆಯನ್ನು ‘ಅಮ್ಮ’ ಎಂದು ಕರೆದಾಗಲೇ ಮಧ್ಯಸ್ಥೆ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

ಕರೆದದ್ದರಲ್ಲಿ ತಪ್ಪೇನಿಲ್ಲ. ಅಪ್ಪನ ಎರಡನೇ ಹೆಂಡತಿಯನ್ನು ಅಮ್ಮ ಎನ್ನುವ ಮಕ್ಕಳು ಎಷ್ಟೋ ಜನ ಇದ್ದಾರೆ. ಆದರೆ ಮಧ್ಯಸ್ಥೆ ಹಿಂದಿನ ದಿನವೇ ಕಡತ ಓದಿ ಮುಗಿಸಿದ್ದಳು. ಅದರಲ್ಲಿ ಇದೇ ಮಗ ಹನ್ನೊಂದು ವರ್ಷದ ಹಿಂದೆ ಅಪ್ಪನಿಗೆ ಬರೆದ ಕಾಗದದ ನಕಲಿತ್ತು. ‘ಆ ಹೆಂಗಸು ಆ ಮನೆಯಲ್ಲಿ ಇರುವ ತನಕ ನಾನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಮಾತಿಗೆ ತಪ್ಪಿದವನಲ್ಲ. ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದಾಗಲೂ ಹೊಸ್ತಿಲು ತುಳಿದಿರಲಿಲ್ಲ. ಈಗ ಅದೇ ಬಾಯಲ್ಲಿ, “ಅಮ್ಮ, ಫ್ಯಾನ್ ಗಾಳಿ ಜಾಸ್ತಿ ಆಯ್ತಾ? ಈ ಕಡೆ ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದುಕೊಡುತ್ತಿದ್ದ.

ನ್ಯಾಯಾಲಯದ ಎರಡನೇ ಮಹಡಿಯ ಆ ಕೋಣೆಯಲ್ಲಿ ದುಂಡು ಮೇಜು ಹಾಕಿದ್ದರು. ಚೌಕ ಮೇಜಾದರೆ ಜನ ಎದುರುಬದುರಾಗಿ ಕೂರುತ್ತಾರೆ, ಎದುರುಬದುರು ಕೂತರೆ ಜಗಳ ಹೆಚ್ಚುತ್ತದೆ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು. ಕಣ್ಣೀರು ಒರೆಸಿಕೊಳ್ಳಲಿ ಎಂದು ಮಧ್ಯದಲ್ಲಿ ಕಾಗದದ ಕರ್ಚೀಫಿನ ಡಬ್ಬಿಯನ್ನೂ ಇಟ್ಟಿದ್ದರು. ಒಂಬತ್ತು ವರ್ಷದಿಂದ ಇಲ್ಲಿ ಮಧ್ಯಸ್ಥಿಕೆ ಮಾಡುತ್ತಿರುವ ಇವಳು ಕಂಡಂತೆ, ಆಸ್ತಿ ಪಾಲಿನ ಪ್ರಕರಣಗಳಲ್ಲಿ ಆ ಡಬ್ಬಿ ಬೆವರು ಒರೆಸಿಕೊಳ್ಳಲು ಖರ್ಚಾಗುತ್ತಿತ್ತೇ ಹೊರತು ಕಣ್ಣೀರಿಗಲ್ಲ.

ಸತ್ತವರು ಕನ್ನಡಕದಂಗಡಿಯ ಯಜಮಾನರು. ಮೂರಂತಸ್ತಿನ ಒಂದು ಕಿರಿದಾದ ಕಟ್ಟಡ, ಕೆಳಗೆ ಅಂಗಡಿ, ಅದರ ಹಿಂದೆ ಒಂದು ಕೋಣೆ, ಮೇಲೆ ಎರಡು ಮನೆ. ಎಲ್ಲವೂ ಅವರೇ ದುಡಿದು ಕಟ್ಟಿಸಿದ್ದು, ಪಿತ್ರಾರ್ಜಿತ ಒಂದು ಇಟ್ಟಿಗೆಯೂ ಇಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಒಬ್ಬ ಮಗ ಒಬ್ಬಳು ಮಗಳು ಇಬ್ಬರೂ ಸಂಸಾರ ಹೂಡಿದ ಮೇಲೆ, ಕಣ್ಣಿನ ಆಸ್ಪತ್ರೆಯ ನರ್ಸೊಬ್ಬರನ್ನು ಮದುವೆಯಾದರು. ಯಜಮಾನರು ಹಿಂದೂ, ನರ್ಸಮ್ಮ ಹುಟ್ಟಿನಿಂದ ಕ್ರೈಸ್ತರು. ಮದುವೆ ನೋಂದಣಿ ಕಚೇರಿಯಲ್ಲಿ, ವಿಶೇಷ ವಿವಾಹ ಕಾಯ್ದೆಯಡಿ ಆಯಿತು. ಆರು ವರ್ಷದ ನಂತರ ಉಯಿಲು ಬರೆದು ಇಡೀ ಕಟ್ಟಡವನ್ನು ಮಗಳಿಗೆ ಕೊಟ್ಟರು. ಮಗನ ಮೇಲೆ ಕೋಪವಿತ್ತು. ಹೆಂಡತಿಯ ಹೆಸರನ್ನು ಏಕೆ ಬರೆಯಲಿಲ್ಲ ಎಂದರೆ, ಮಗಳು ಕೈಮೇಲೆ ಕೈಯಿಟ್ಟು “ಅವರನ್ನ ನಾನು ನೋಡ್ಕೋತೀನಪ್ಪ” ಎಂದಿದ್ದಳಂತೆ. ಊರಿಗೆಲ್ಲ ಕನ್ನಡಕ ಹಾಕಿಸಿದ ಮನುಷ್ಯನಿಗೆ ತನ್ನ ಮಗಳೇ ಸರಿಯಾಗಿ ಕಾಣಿಸಿರಲಿಲ್ಲ.

ಆ ಉಯಿಲಿನ ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ರುಜುವಿತ್ತು. ಒಬ್ಬರು ನೆರೆಯ ಡಾಕ್ಟರು. ಇನ್ನೊಬ್ಬರು ಸ್ವತಃ ಅಳಿಯ, ಅಂದರೆ ಮಗಳ ಗಂಡ. ಬ್ಯಾಂಕಿನಲ್ಲಿ ಮೂವತ್ತು ವರ್ಷ ರುಜು ಹಾಕಿ ನಿವೃತ್ತರಾದ ಈತನಿಗೆ ಎಲ್ಲಿ ಯಾವ ಕಾಗದ ಕಂಡರೂ ಸಾಕ್ಷಿ ಹಾಕುವ ಚಪಲ. ಬಂಧುಬಳಗದಲ್ಲಿ ಆತನಿಗೆ ‘ಸಾಕ್ಷಿ ಸಾಹೇಬರು’ ಎಂದೇ ಹೆಸರು. ಬಾಡಿಗೆ ಕರಾರು, ಗಾಡಿ ಮಾರಾಟ, ಯಾವುದಕ್ಕಾದರೂ ಸೈ, ಬಾಲವಿರುವ ಆ ದೊಡ್ಡ ರುಜು ಬೀಳಲೇಬೇಕು. ಮಾವನ ಎರಡನೇ ಮದುವೆಯ ಪುಸ್ತಕದಲ್ಲೂ ಮೂವರು ಸಾಕ್ಷಿಗಳಲ್ಲಿ ಮೊದಲ ರುಜು ಆತನದೇ. ಹಾಗಾಗಿ ಮದುವೆಯೇ ಆಗಿಲ್ಲ ಎನ್ನಲು ಮಗಳ ಕಡೆಯವರಿಗೆ ಬಾಯಿರಲಿಲ್ಲ.

ಇಡೀ ದಾವೆ ನಿಂತಿದ್ದು ಉಯಿಲಿನ ಮೇಲಿನ ಆ ರುಜುವಿನ ಮೇಲೆ. ಮಗನ ವಕೀಲರು ಗಂಟಲು ದೊಡ್ಡದಿದ್ದವರು, ಆದರೆ ಹೇಳಿದ್ದು ಸರಿಯಾಗಿಯೇ ಇತ್ತು.

“ಹಿಂದೂ ಮತ್ತು ಕ್ರೈಸ್ತರು ವಿಶೇಷ ವಿವಾಹ ಕಾಯ್ದೆ ಪ್ರಕಾರ ಮದುವೆಯಾದ್ರೆ, ಆ ಗಂಡಹೆಂಡತಿ ಆಸ್ತಿಗೆ ಅವರವರ ಮತದ ಕಾನೂನು ಬರೋದಿಲ್ಲ. ಸಾಮಾನ್ಯ ಉತ್ತರಾಧಿಕಾರ ಕಾಯ್ದೆ ಬರುತ್ತೆ. ಅದರಲ್ಲಿ ಏನಿದೆ? ಉಯಿಲಿಗೆ ಸಾಕ್ಷಿ ಹಾಕಿದವನಿಗಾಗಲಿ, ಅವನ ಹೆಂಡತಿಗಾಗಲಿ ಆ ಉಯಿಲಿನಿಂದ ಬಿಡಿಗಾಸೂ ಸಿಗೋದಿಲ್ಲ. ಸಾಕ್ಷಿ ಊರ್ಜಿತ, ಕೊಟ್ಟಿದ್ದು ಮಾತ್ರ ರದ್ದು. ಅಳಿಯಂದಿರು ಸಾಕ್ಷಿ ಹಾಕಿದಾರೆ, ಮಗಳಿಗೆ ಕೊಟ್ಟಿದ್ದು ಹೋಯ್ತು. ಉಯಿಲಲ್ಲಿ ಬೇರೆ ಯಾರಿಗೂ ಏನೂ ಇಲ್ಲ. ಆದ್ದರಿಂದ ಉಯಿಲೇ ಇಲ್ಲದ ಹಾಗೆ ಭಾಗ ಆಗಬೇಕು. ಹೆಂಡತಿಗೆ ಮೂರನೇ ಒಂದು, ಉಳಿದಿದ್ದು ಇಬ್ಬರು ಮಕ್ಕಳಿಗೆ ಸಮ.”

ಸಾಕ್ಷಿ ಸಾಹೇಬರು ತಮ್ಮ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡರು.

ಮಗಳ ವಕೀಲರು ಸಣ್ಣ ದನಿಯವರು. “ಒಪ್ಪಿದೆ ಸರ್, ಇಬ್ಬರೂ ಬೇರೆ ಬೇರೆ ಮತದವರಾಗಿದ್ರೆ. ಆದರೆ ಇಬ್ಬರೂ ಹಿಂದೂಗಳೇ ಆಗಿದ್ದು ಅದೇ ಕಾಯ್ದೆ ಪ್ರಕಾರ ಮದುವೆಯಾದ್ರೆ, ಹಿಂದೂ ಕಾನೂನೇ ಉಳಿಯುತ್ತೆ. ಹಿಂದೂಗಳ ಉಯಿಲಿಗೆ ಆ ಸಾಕ್ಷಿ ನಿಯಮ ಅನ್ವಯಿಸೋದಿಲ್ಲ. ಉಯಿಲು ಗಟ್ಟಿ. ನಮ್ಮ ಕಕ್ಷಿದಾರರ ಪ್ರಕಾರ ಚಿಕ್ಕಮ್ಮನವರು ಮದುವೆಗೆ ಮುಂಚೆಯೇ ಹಿಂದೂ ಧರ್ಮ ಸ್ವೀಕರಿಸಿದ್ರು.”

ಮದುವೆಯ ನೋಟೀಸಿನಲ್ಲಿ ಹೆಸರು, ವಯಸ್ಸು, ಕಸುಬು, ವಿಳಾಸ ಎಲ್ಲ ಇತ್ತು. ಮತದ ಕಾಲಂ ಇರಲಿಲ್ಲ. ಇಷ್ಟು ದೊಡ್ಡ ಜಗಳ ಆ ಇಲ್ಲದ ಕಾಲಮ್ಮಿನಿಂದ ಹುಟ್ಟಿತ್ತು. ಮದುವೆಯ ದಿನ ನರ್ಸಮ್ಮ ಯಾವ ಮತದವರಾಗಿದ್ದರು ಎನ್ನುವುದರ ಮೇಲೆ ಅವರ ನೆತ್ತಿಯ ಮೇಲಿನ ಸೂರು ನಿಂತಿತ್ತು. ಹಿಂದೂ ಆಗಿದ್ದರು ಎಂದಾದರೆ ಕಟ್ಟಡ ಪೂರ್ತಿ ಮಗಳದು, ನರ್ಸಮ್ಮ ಗಂಟುಮೂಟೆ ಕಟ್ಟಬೇಕು. ಕ್ರೈಸ್ತರಾಗಿಯೇ ಇದ್ದರು ಎಂದಾದರೆ ಮೂರರಲ್ಲೊಂದು ಪಾಲು ಅವರದು.

ನರ್ಸಮ್ಮ ಇಬ್ಬರು ವಕೀಲರ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು. ಅರವತ್ತೆಂಟು ವರ್ಷದ ಗಟ್ಟಿ ಹೆಂಗಸು, ಮೊಣಕಾಲು ಮಾತ್ರ ಕೈಕೊಟ್ಟಿತ್ತು. ಪಕ್ಕದಲ್ಲಿ ಉಚಿತ ಕಾನೂನು ನೆರವಿನಿಂದ ಬಂದ ನಡುವಯಸ್ಸಿನ ವಕೀಲರು. ಬಗ್ಗಿಸಿದ ತಲೆ ಎತ್ತದೆ ಅವರು ಏನೋ ಬರೆದುಕೊಳ್ಳುತ್ತಿದ್ದರು.

ಮಧ್ಯಸ್ಥೆ ನಿಯಮದಂತೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆಸಿಕೊಂಡಳು. ಒಳಗೆ ಒಬ್ಬರು ಹೇಳಿದ್ದನ್ನು, ಅವರು ಒಪ್ಪದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಈ ನಿಯಮ ಆಕೆಗೆ ಎಷ್ಟೋ ಸಲ ಗಂಟಲಿಗೆ ಸಿಕ್ಕಿದ ಮುಳ್ಳಾಗಿತ್ತು.

ಮೊದಲು ಮಗಳೂ ಸಾಕ್ಷಿ ಸಾಹೇಬರೂ ಬಂದರು.

“ಯಾವಾಗ ಮತ ಬದಲಾಯಿಸಿದ್ರು ನಿಮ್ಮ ಚಿಕ್ಕಮ್ಮ?” ಎಂದು ಮಧ್ಯಸ್ಥೆ ಕೇಳಿದಳು.

“ಕಾಗದ ಪತ್ರ ಏನೂ ಇಲ್ಲ ಮೇಡಂ. ಮನಸ್ಸಲ್ಲಿ ಯಾವಾಗ್ಲೋ ನಮ್ಮೋರೇ ಆಗ್ಬಿಟ್ಟಿದ್ರು. ಸಿಸ್ಟರ್ ಅಂದ್ರೆ ನಮಗೆ… ಅಲ್ಲ, ಚಿಕ್ಕಮ್ಮ ಅಂದ್ರೆ ನಮಗೆ ಬೇರೆ ಅಲ್ಲ.”

“ನಿಮ್ಮನೇಲಿ ಊಟ ಮಾಡ್ತಿದ್ರಾ?”

ಮಗಳು ಗಂಡನ ಮುಖ ನೋಡಿದಳು. “ಅವರಿಗೆ ಬೇರೆ ತಟ್ಟೆ ಇಟ್ಟಿದ್ವಿ. ಅದು ಅವರ ಅನುಕೂಲಕ್ಕೆ.”

“ಅಡುಗೆಮನೆಗೆ?”

“ಅವರಿಗೆ ಮಂಡಿ ನೋವು ಮೇಡಂ, ಯಾಕೆ ಸುಮ್ನೆ ಓಡಾಡಿಸೋದು ಅಂತ…”

ಹನ್ನೊಂದು ವರ್ಷ ತಟ್ಟೆ ಬೇರೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಈಗ ‘ನಮ್ಮೋರೇ’. ಮಧ್ಯಸ್ಥೆ ನೀರಿನ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದಳು. ನೀರು ಕೂಡ ರುಚಿಗೆಟ್ಟಂತಿತ್ತು.

ಮಗಳ ಪ್ರಸ್ತಾಪ ಸರಳವಾಗಿತ್ತು. ತಾನು ಮದುವೆಗೆ ಮುಂಚೆ ಹಿಂದೂ ಆಗಿದ್ದೆ ಎಂದು ಚಿಕ್ಕಮ್ಮ ಕೋರ್ಟಿನಲ್ಲಿ ಪ್ರಮಾಣ ಮಾಡಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುವವರೆಗೆ ಇರಲಿ.

“ಅದನ್ನ ಬರೆದು ಕೊಡ್ತೀರಾ? ಜೀವ ಇರೋ ತನಕ ವಾಸದ ಹಕ್ಕು ಅಂತ?”

“ಮನೆಯವರ ಮಧ್ಯೆ ಬರಹ ಯಾಕೆ ಮೇಡಂ? ಮಾತು ಸಾಲದಾ?”

ಆಗ ಸಾಕ್ಷಿ ಸಾಹೇಬರು ಬಾಯಿ ಹಾಕಿದರು. “ಬರೆದುಕೊಟ್ರೆ ಆ ಪಾರ್ಟಿ ತಗೊಳ್ಳೋದಿಲ್ಲ ಮೇಡಂ. ಖಾಲಿ ಕಟ್ಟಡವೇ ಬೇಕಂತೆ ಅವರಿಗೆ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಡತಿ ಅವರನ್ನು ಸುಟ್ಟುಬಿಡುವಂತೆ ನೋಡಿದಳು. “ಇದನ್ನ ಅವರಿಗೆ ಹೇಳ್ಬೇಡಿ ಮೇಡಂ,” ಎಂದಳು.

ಇದೋ, ಗಂಟಲ ಮುಳ್ಳು. ಕೊಳ್ಳುವವನು ಆಗಲೇ ಗೊತ್ತಾಗಿದ್ದಾನೆ. ಕೋಣೆಯ ಆಸೆ ತೋರಿಸಿ ಮುದುಕಿಯಿಂದ ಸುಳ್ಳು ಪ್ರಮಾಣ ಮಾಡಿಸಿ, ಮಾರನೇ ತಿಂಗಳು ಆ ಕೋಣೆಯನ್ನೇ ಮಾರಿಬಿಡುವುದು. ಅದನ್ನು ತಿಳಿದೂ ಮಧ್ಯಸ್ಥೆ ಬಾಯಿ ಬಿಡುವ ಹಾಗಿಲ್ಲ.

ಆಮೇಲೆ ಮಗ ಬಂದ. ಅವನು ಅಪ್ಪನ ಮದುವೆಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹೊದಿಸಿ ತಂದಿದ್ದ. ಯಾವ ಮದುವೆಗೆ ಕಾರಿ ಉಗುಳಿದ್ದನೋ ಅದೇ ಮದುವೆಯನ್ನು ಈಗ ಎದೆಗವಚಿಕೊಂಡಿದ್ದ.

“ಎಂಥ ಮದುವೆ ಮೇಡಂ! ಆ ಕಾಲಕ್ಕೇ ಅಪ್ಪ ಎಷ್ಟು ಮುಂದುವರಿದಿದ್ರು ನೋಡಿ. ಅಮ್ಮ ತಮ್ಮ ಮತ ಬಿಡಲಿಲ್ಲ, ಅಪ್ಪ ತಮ್ಮ ಮತ ಬಿಡಲಿಲ್ಲ. ಅಮ್ಮ ಅದೊಂದು ಮಾತು ಹೇಳಿದ್ರೆ ಸಾಕು, ಮೂರು ಭಾಗ. ಆಮೇಲೆ ಅಮ್ಮನ ಭಾಗವನ್ನ ಅವರು ನನ್ನ ಹೆಸರಿಗೆ ದಾನಪತ್ರ ಮಾಡಿಬಿಡ್ಲಿ. ನಾನು ನೋಡ್ಕೋತೀನಿ.”

“ಎಲ್ಲಿ ಇಟ್ಕೊಂಡು ನೋಡ್ಕೋತೀರಿ?”

“ಈಗೀಗ ಒಳ್ಳೊಳ್ಳೆ ವೃದ್ಧಾಶ್ರಮ ಇದೆಯಲ್ಲ ಮೇಡಂ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇದೆ. ಇಲ್ಲಿ ಎರಡೂ ಎಳೆಯುತ್ತಿದ್ದದ್ದು ಒಬ್ಬ ಮುದುಕಿಯನ್ನು. ಮಧ್ಯಸ್ಥೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು, ಸುಮ್ಮನೆ ಎರಡು ನಿಮಿಷ ಗೋಡೆಗೆ ಒರಗಿ ನಿಂತಳು. ಹಣಕ್ಕೆ ಬಾಯಿಬಿಡುವ ಎಷ್ಟೋ ಜನರನ್ನು ಕಂಡಿದ್ದಳು. ಅದಕ್ಕೆ ಬೇಸರವಾಗುತ್ತಿತ್ತು, ಅಷ್ಟೆ. ಇವತ್ತಿನದು ಬೇಸರವಲ್ಲ, ಹೇಸಿಗೆ. ಇವರು ಕೇಳುತ್ತಿರುವುದು ಮನೆಯನ್ನಲ್ಲ. ಇನ್ನೊಬ್ಬರ ದೇವರನ್ನು ತಮ್ಮ ಲೆಕ್ಕಕ್ಕೆ ಸರಿಹೊಂದುವಂತೆ ಹಿಂದಕ್ಕೂ ಮುಂದಕ್ಕೂ ಸರಿಸಿ ಕೊಡಿ ಎಂದು ಕೇಳುತ್ತಿದ್ದಾರೆ.

ನರ್ಸಮ್ಮ ತಮ್ಮ ವಕೀಲರ ಜೊತೆ ಒಳಗೆ ಬಂದರು. ಮಧ್ಯಸ್ಥೆ ಎರಡೂ ಪ್ರಸ್ತಾಪಗಳನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದಳು. ಬಿಡಬೇಕಾದ ಒಂದನ್ನು ಬಿಟ್ಟಳು. “ಯಾವ ಮಾತನ್ನ ಯಾರು ಕೊಟ್ರೂ, ಅದನ್ನ ಬರವಣಿಗೆಯಲ್ಲಿ ಕೊಡೋಕೆ ಅವರು ತಯಾರಿದ್ದಾರಾ ಅಂತ ಕೇಳೋದು ಯಾವಾಗಲೂ ಒಳ್ಳೇದು,” ಎಂದು ಮಾತ್ರ ಹೇಳಿದಳು.

ನರ್ಸಮ್ಮ ನಕ್ಕರು. “ಬರೆದು ಕೊಡಲ್ಲ ಅಂದ್ರು, ಅಲ್ವಾ? ನೀವು ಹೇಳ್ಬೇಡಿ, ಬಿಡಿ. ಮೂವತ್ತಾರು ವರ್ಷ ಆಸ್ಪತ್ರೇಲಿ ಡಾಕ್ಟರ ಮುಖ ನೋಡೇ ರೋಗಿಗೆ ಎಷ್ಟು ದಿನ ಅಂತ ತಿಳ್ಕೊಂಡೋಳು ನಾನು.”

“ನಿಜ ಏನು ಅಂತ ನಾನು ಕೇಳಬಹುದಾ?”

“ಕೇಳಿ. ಮದುವೆ ಹಿಂದಿನ ದಿನ ಇದೇ ಮಗಳು ಬಂದು, ‘ಸಿಸ್ಟರ್, ನೀವು ನಮ್ಮ ಮತಕ್ಕೆ ಬಂದ್ರೆ ನಾವೆಲ್ಲ ಒಪ್ತೀವಿ’ ಅಂದ್ಲು. ನನಗೂ ಅನ್ನಿಸ್ತು, ಯಾಕೆ ಜಗಳ, ಬಂದ್ಬಿಡೋಣ ಅಂತ. ನಮ್ಮ ಯಜಮಾನರು ಬೇಡ ಅಂದ್ರು. ‘ಕನ್ನಡಕ ಹೊಂದಲಿಲ್ಲ ಅಂತ ಯಾರಾದ್ರೂ ಕಣ್ಣು ಬದಲಾಯಿಸ್ತಾರೇನೇ? ಇದ್ದ ಹಾಗೇ ಬಾ’ ಅಂದ್ರು. ಇದ್ದ ಹಾಗೇ ಬಂದೆ. ಇದ್ದ ಹಾಗೇ ಇದೀನಿ.”

ನರ್ಸಮ್ಮ ತಮ್ಮ ವಕೀಲರ ಕಡೆ ತಿರುಗಿದರು. ಆಮೇಲೆ ಆಕೆ ಕೇಳಿದರು, “ಕೇಸು ನಡೆದ್ರೆ ಎಷ್ಟು ವರ್ಷ ಆಗುತ್ತೆ?”

ವಕೀಲರು ಮೊದಲ ಸಲ ತಲೆ ಎತ್ತಿದರು. “ಮೇಲ್ಮನವಿ ಎಲ್ಲ ಸೇರಿ ಹತ್ತು ಅಂತ ಇಟ್ಕೊಳ್ಳಿ.”

“ನನಗೀಗ ಅರವತ್ತೆಂಟು. ಒಂದು ಸುಳ್ಳಿಗೆ ಒಂದು ಕೋಣೆ. ಅಗ್ಗವೇ.” ನರ್ಸಮ್ಮ ಮೊಣಕಾಲನ್ನು ನೀವಿಕೊಂಡರು. “ಸುಳ್ಳು ಹೇಳೋಕೆ ನನಗೇನೂ ಹೆದರಿಕೆ ಇಲ್ಲ ಮೇಡಂ. ಸಾಯೋರ ಹತ್ರ ಕೂತು ‘ನಾಳೆ ಮನೆಗೆ ಹೋಗ್ತೀರಿ’ ಅಂತ ಎಷ್ಟು ಸಲ ಹೇಳಿದೀನೋ. ಆದರೆ ಈ ಸುಳ್ಳು ಬೇರೆ ಥರ. ಹನ್ನೊಂದು ವರ್ಷ ನನ್ನ ಬೇರೆ ತಟ್ಟೇಲಿ ಉಣ್ಣಿಸಿದ್ರಲ್ಲ. ಈಗ ನಾನು ಅವರೋಳೇ ಆಗಿದ್ದೆ ಅಂತ ಪ್ರಮಾಣ ಮಾಡಿದ್ರೆ, ಆ ತಟ್ಟೆ ಇರಲೇ ಇಲ್ಲ ಅಂತ ನಾನೇ ಹೇಳಿದ ಹಾಗೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ.”

ಮಧ್ಯಸ್ಥೆಗೆ ಆಕೆಯ ಕೈ ಹಿಡಿದುಕೊಳ್ಳಬೇಕು ಎನಿಸಿತು. ಹಾಗೆ ಮಾಡುವಂತಿರಲಿಲ್ಲ. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು.

ಮತ್ತೆ ಎಲ್ಲರೂ ದುಂಡು ಮೇಜಿನ ಸುತ್ತ ಕೂತರು. ನರ್ಸಮ್ಮನ ವಕೀಲರು ಕೈಚೀಲದಿಂದ ಹಳೆಯ ಸೇವಾ ಪುಸ್ತಕವೊಂದರ ದೃಢೀಕೃತ ನಕಲನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮತದ ಕಾಲಂ ಇತ್ತು. ಸೇರಿದ ದಿನ ‘ಕ್ರೈಸ್ತ’. ಮದುವೆಯಾಗಿ ಎರಡು ತಿಂಗಳಿಗೆ ಸ್ವಯಂ ನಿವೃತ್ತಿ ಪಡೆದಾಗ ಪಿಂಚಣಿಗಾಗಿ ತುಂಬಿದ ಹಾಳೆಯಲ್ಲಿ ಗಂಡನ ಹೆಸರು ಸೇರಿಸಿದ್ದರು, ಮತದ ಎದುರು ಮತ್ತೆ ‘ಕ್ರೈಸ್ತ’.

“ಸಾಕ್ಷಿಕಟ್ಟೆ ಹತ್ತಿದ್ರೂ ನಾನು ಇದನ್ನೇ ಹೇಳೋದು,” ಎಂದರು ನರ್ಸಮ್ಮ. “ಆಮೇಲೆ ನನ್ನ ಪಾಲನ್ನ ಯಾರಿಗೂ ದಾನ ಮಾಡಲ್ಲ. ಕೆಳಗಿನ ಅಂತಸ್ತು ನನಗೆ ಬೇಕು. ಮಹಡಿ ಹತ್ತೋಕೆ ನನ್ನ ಕೈಲಿ ಆಗಲ್ಲ. ಅಂಗಡಿ ಬಾಡಿಗೆಗೆ ಕೊಟ್ಕೊಂಡು ಹಿಂದಿನ ಕೋಣೇಲಿ ಇರ್ತೀನಿ.”

ಮಗಳ ವಕೀಲರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕಕ್ಷಿದಾರಳ ಕಿವಿಯಲ್ಲಿ ಏನೋ ಹೇಳಿದರು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಲೆಕ್ಕ ಹಾಕುವವರ ಮುಖವಾಯಿತು. ಹತ್ತು ವರ್ಷ ಹೋರಾಡಿ ಸೋತರೂ ಮೂರನೇ ಒಂದು, ಇವತ್ತೇ ಒಪ್ಪಿದರೂ ಮೂರನೇ ಒಂದು. ಗಂಡನ ಕಡೆ ತಿರುಗಿ, “ಎಲ್ಲಿ ಕಾಗದ ಕಂಡ್ರೂ ಗೀಚೋ ನಿಮ್ಮ ಕೈಗಿಷ್ಟು…” ಎಂದು ಹಲ್ಲು ಕಡಿದಳು. ಅಪ್ಪ ಕೊಟ್ಟದ್ದೆಲ್ಲ ಅಳಿಯನ ರುಜುವಿನ ಬಾಲದಲ್ಲಿ ಸಿಕ್ಕಿ ಹೋಯಿತು ಎಂದು ಆಕೆಗೆ ಸಂಕಟ. ಅಪ್ಪನಿಗೆ ಕೊಟ್ಟ ಮಾತು ಹೋಯಿತು ಎಂಬ ಸಂಕಟ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

ಆಮೇಲಿನ ಎರಡು ಗಂಟೆ ಬರೀ ಚೌಕಾಸಿ. ಕೆಳಗಿನ ಅಂತಸ್ತಿಗೆ ಬೆಲೆ ಹೆಚ್ಚು ಎಂದು ಮಗ ತಗಾದೆ ತೆಗೆದ. ಅದಕ್ಕೆ ಬದಲಾಗಿ ತಾರಸಿಯ ಹಕ್ಕನ್ನು ನರ್ಸಮ್ಮ ಬಿಟ್ಟುಕೊಟ್ಟರು. ನಡುವಿನ ಅಂತಸ್ತು ಮಗಳಿಗೆ, ಮೇಲಿನದು ತಾರಸಿ ಸಮೇತ ಮಗನಿಗೆ. ನೀರಿನ ತೊಟ್ಟಿ ಮೂವರಿಗೂ ಸೇರಿದ್ದು. ಒಪ್ಪಂದದ ಮೊದಲ ಕಲಮಿನಲ್ಲಿ ಮಧ್ಯಸ್ಥೆ ಹೀಗೆ ಬರೆಸಿದಳು: ‘ಎರಡನೇ ಪ್ರತಿವಾದಿಯು ಮೃತರ ಕಾನೂನುಬದ್ಧ ಪತ್ನಿ. ಮದುವೆಯ ದಿನವೂ ಈಗಲೂ ಕ್ರೈಸ್ತ ಮತದವರು.’ ಈ ಒಂದು ಸಾಲಿಗಾಗಿ ವರ್ಷಗಟ್ಟಲೆ ಕಚ್ಚಾಡಿದ ಅಣ್ಣತಂಗಿ ಇಬ್ಬರೂ ಅದನ್ನು ಓದದೆ ದಾಟಿ, ಚದರ ಅಡಿಯ ಕಲಮಿಗೆ ಹೋಗಿ ಬೆರಳಿಟ್ಟು ಓದಿದರು. ಎಲ್ಲರೂ ರುಜು ಹಾಕಿದರು, ವಕೀಲರೂ ಹಾಕಿದರು. ಮುಂದಿನ ವಾಯಿದೆಗೆ ಕೋರ್ಟು ಇದನ್ನೇ ಡಿಕ್ರಿ ಮಾಡುತ್ತದೆ ಎಂದು ಮಧ್ಯಸ್ಥೆ ತಿಳಿಸಿದಳು. ವಕೀಲರು ಬೇರೆ ಕೆಲಸಗಳಿಗೆ ಚದುರಿದರು.

ನರ್ಸಮ್ಮ ತಮ್ಮ ಪ್ರತಿಗಾಗಿ ಮೇಜಿನ ಬಳಿಯೇ ಕಾದು ಕೂತಿದ್ದರು. ಪಕ್ಕದ ಕೋಣೆಯಲ್ಲಿ ನಕಲು ಯಂತ್ರ ಕೆಟ್ಟು ತಡವಾಗುತ್ತಿತ್ತು. ಹೊರಗೆ ಹೋಗಿದ್ದ ಮಗನೂ ಮಗಳೂ ಜೊತೆಯಾಗಿ ಒಳಗೆ ಬಂದರು. ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡದವರು ಈಗ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಅಂತೂ ರಕ್ತಸಂಬಂಧ ಒಂದಾಯಿತಲ್ಲ ಎಂದು ಮಧ್ಯಸ್ಥೆಗೆ ಅರೆಕ್ಷಣ ಸಮಾಧಾನವೂ ಆಯಿತು.

“ಒಂದು ಡೌಟು ಮೇಡಂ,” ಎಂದ ಮಗ. “ಇವರಿಗೆ ಮಕ್ಕಳಿಲ್ಲ. ಇವರು ಹೋದ ಮೇಲೆ ಕೆಳಗಿನ ಅಂತಸ್ತು ಯಾರಿಗೆ ಬರುತ್ತೆ?”

ಕೂತಿದ್ದ ನರ್ಸಮ್ಮನ ತಲೆಯ ಮೇಲಿಂದ ಅವನು ಈ ಪ್ರಶ್ನೆ ಕೇಳಿದ. ನಡುವೆ ಇರುವುದು ಕುರ್ಚಿ ಮಾತ್ರ ಎನ್ನುವಂತಿತ್ತು.

“ಅವರು ಉಯಿಲು ಬರೆದ್ರೆ, ಯಾರ ಹೆಸರಿಗೆ ಬರೀತಾರೋ ಅವರಿಗೆ. ಬರೀದಿದ್ರೆ ಅವರ ರಕ್ತಸಂಬಂಧಿಗಳಿಗೆ,” ಎಂದಳು ಮಧ್ಯಸ್ಥೆ.

“ಅವರಿಗೆ ತಂಗಿಯೊಬ್ಬಳು ಇದಾಳೆ ಕಣೋ,” ಎಂದಳು ಮಗಳು, ಅಣ್ಣನಿಗೆ. “ಹಾಗಾದ್ರೆ ಅಪ್ಪನ ಆಸ್ತಿ ಹೊರಗಿನೋರಿಗೆ ಹೋಗುತ್ತಾ ಮೇಡಂ? ಇವರು ಹಿಂದೂ ಆಗಿದ್ದಿದ್ರೆ?”

“ಹಿಂದೂ ಹೆಂಗಸು ಮಕ್ಕಳಿಲ್ಲದೆ, ಉಯಿಲೂ ಬರೀದೆ ತೀರ್ಕೊಂಡ್ರೆ, ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ ವಾಪಸ್ ಬರುತ್ತೆ.”

“ಅಂದ್ರೆ ನಮಗೆ!” ಮಗನ ಕಣ್ಣು ಅಗಲವಾಯಿತು. ಪ್ಲಾಸ್ಟಿಕ್ ಹೊದಿಸಿದ ಮದುವೆ ಪತ್ರವನ್ನು ಅವನು ಕಂಕುಳಲ್ಲಿ ಒತ್ತಿಕೊಂಡ. “ಹಾಗಿದ್ರೆ ಮೇಡಂ, ಈಗಲೂ… ಈಗ ಇವರು ಮತ ಬದಲಾಯಿಸಿದ್ರೆ ನಡೆಯುತ್ತಾ?”

ಮಧ್ಯಸ್ಥೆಗೆ ನಾಲಿಗೆ ಕಹಿಯಾಯಿತು. ಬೆಳಿಗ್ಗೆಯಿಂದ ಅದುಮಿಟ್ಟ ಛೀ ಎಂಬ ಒಂದಕ್ಷರ ಹಲ್ಲಿನ ತನಕ ಬಂದು ನಿಂತಿತು. “ನಡೆಯಲ್ಲ. ಮದುವೆ ದಿನ ಯಾವ ಮತವೋ ಅದೇ ಲೆಕ್ಕ. ಇನ್ನು ಬದಲಾಯಿಸಿ ಪ್ರಯೋಜನ ಇಲ್ಲ,” ಎಂದಳು.

“ಬೇರೆ ದಾರಿ ಏನಾದ್ರೂ?” ಎಂದಳು ಮಗಳು. “ನೀವೇ ಒಂದು ಮಾತು ಹೇಳಿ ಮೇಡಂ, ನಮ್ಮಿಬ್ಬರ ಹೆಸರಿಗೆ ಉಯಿಲು ಮಾಡಲಿ ಅಂತ. ಹಿರಿಯರು ಹೇಳಿದ್ರೆ ಕೇಳ್ತಾರೆ.”

ನರ್ಸಮ್ಮ ಮೇಜಿನ ಅಂಚು ಹಿಡಿದು ಎದ್ದು ನಿಂತರು. ಮಕ್ಕಳ ಕಡೆ ತಿರುಗಲಿಲ್ಲ. ಮಧ್ಯಸ್ಥೆಯನ್ನೇ ನೋಡುತ್ತ ಹೇಳಿದರು.

“ಮೇಡಂ, ನಿಮ್ಮ ಕೈಲಿ ಇನ್ನೊಂದೇ ಒಂದು ಮಾತು ತಲುಪಿಸ್ಬೇಕಿತ್ತು. ನಾನು ಹೇಳಿದ್ರೆ ಅವರಿಗೆ ಕೇಳ್ಸಲ್ಲ. ನಾನಿನ್ನೂ ಸತ್ತಿಲ್ಲ ಅಂತ ಹೇಳ್ತೀರಾ?”

ಮಧ್ಯಸ್ಥೆ ಕುರ್ಚಿಯಿಂದ ಎದ್ದಳು. ಮೂರಡಿ ದೂರದಲ್ಲಿ ನಿಂತಿದ್ದ ಅಣ್ಣತಂಗಿಯ ಕಡೆ ತಿರುಗಿ, ಬೆಳಿಗ್ಗೆಯಿಂದ ಎಲ್ಲ ಪ್ರಸ್ತಾಪಗಳನ್ನೂ ಒಪ್ಪಿಸಿದ ಅದೇ ದನಿಯಲ್ಲಿ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದಳು.

“ಅವರಿನ್ನೂ ಸತ್ತಿಲ್ಲ.”

ಇಬ್ಬರೂ ತಲೆಯಾಡಿಸಿದರು. ಮಗ ಸ್ವಲ್ಪ ಹೊತ್ತು ಕಾದು ನೋಡಿ, “ಸರಿ ಮೇಡಂ, ಹಾಗಾದ್ರೆ ಆಮೇಲೆ ಬಂದು ಕೇಳ್ತೀವಿ,” ಎಂದ.